ಲ್ಯಾಬ್ ಕಂಪ್ಯೂಟರ್ ಬದಲಿಸಲು ಪ್ರಾಂಶುಪಾಲರಿಗೆ ಪತ್ರ: ಕರಡು ಹಾಕಿದ್ದೇನೆ, ತಿದ್ದಿ ಕೊಡಿ

ಬಿಸಿಎ_ಲ್ಯಾಬ್:
ಅನುದಾನಿತ ಪದವಿ ಕಾಲೇಜು, ಬಿಸಿಎ ವಿಭಾಗ. ಲ್ಯಾಬಿನಲ್ಲಿ 30 ಯಂತ್ರ. ಅದರಲ್ಲಿ 18 ಪೆಂಟಿಯಂ ಜಿ2030, ಎಚ್61 ಬೋರ್ಡ್, 2013ರ ಖರೀದಿ. ಉಳಿದ 12 ಐ3-4160, ಎಚ್81 ಬೋರ್ಡ್, 2015ರ ಖರೀದಿ. ಎಲ್ಲಕ್ಕೂ 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಪತ್ರ ಪ್ರಾಂಶುಪಾಲರ ಷರಾ ಬಿದ್ದ ಮೇಲೆ ಆಡಳಿತ ಮಂಡಳಿ ಸಭೆಗೆ ಹೋಗುತ್ತೆ. ಪ್ರಾಂಶುಪಾಲರು ಇತಿಹಾಸ ವಿಭಾಗದವರು. ಕರಡು ಇದು:

> ಮಾನ್ಯರೇ,
> ವಿಷಯ: ಗಣಕಯಂತ್ರ ಪ್ರಯೋಗಾಲಯಕ್ಕೆ ಹೊಸ ಯಂತ್ರಗಳನ್ನು ಒದಗಿಸುವ ಬಗ್ಗೆ.
> ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ, ನಮ್ಮ ಪ್ರಯೋಗಾಲಯದ ಗಣಕಯಂತ್ರಗಳು ತುಂಬಾ ಹಳೆಯದಾಗಿದ್ದು, ನಿಧಾನವಾಗಿ ಕೆಲಸ ಮಾಡುತ್ತಿವೆ ಹಾಗೂ ಪದೇ ಪದೇ ಕೆಡುತ್ತಿವೆ. ವಿದ್ಯಾರ್ಥಿಗಳ ಹಿತದೃಷ್ಟಿಯಿಂದ 30 ಹೊಸ ಗಣಕಯಂತ್ರಗಳನ್ನು ಅಂದಾಜು ₹14,86,800 ವೆಚ್ಚದಲ್ಲಿ ಖರೀದಿಸಲು ಅನುಮತಿ ನೀಡಬೇಕಾಗಿ ಕೋರುತ್ತೇನೆ.

ಮೊತ್ತ ಒಂದೇ ಅಂಗಡಿಯ ದರಪಟ್ಟಿಯದು: ಯಂತ್ರಕ್ಕೆ 42,000, ಮೇಲೆ 18% ಜಿಎಸ್‌ಟಿ.

ನಿವೃತ್ತ_ಅಧೀಕ್ಷಕ:
ಈ ಪತ್ರ ಸಭೆಯಲ್ಲಿ ಎರಡು ನಿಮಿಷ ನಿಲ್ಲಲ್ಲ. "ಹಳೆಯದು" ಅಂದ ಕೂಡಲೇ ಅಧ್ಯಕ್ಷರು ಕೇಳೋದು "ನಮ್ಮ ಆಫೀಸಿನದ್ದೂ ಅಷ್ಟೇ ಹಳೇದು, ನಡೀತಿದೆಯಲ್ಲ?" ಅಂತ. "ನಿಧಾನ" ಅಂದರೆ ಎಷ್ಟು? "ಪದೇ ಪದೇ" ಅಂದರೆ ತಿಂಗಳಿಗೆ ಎಷ್ಟು ಸಲ? ಯಾವ ಯಂತ್ರ?

ಮೊದಲು ದಾಸ್ತಾನು ವಹಿ ತೆಗೆದು ಪ್ರತಿ ಯಂತ್ರದ ಕ್ರಮಸಂಖ್ಯೆ, ಬಿಲ್ ದಿನಾಂಕ, ಖರೀದಿ ಬೆಲೆ ಬರೆದುಕೊಳ್ಳಿ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ 40% ಸವಕಳಿ. ಹತ್ತು ವರ್ಷ ದಾಟಿದ ಯಂತ್ರದ ಪುಸ್ತಕ ಬೆಲೆ ನೂರಿನ್ನೂರು ರೂಪಾಯಿಗೆ ಬಂದಿರುತ್ತೆ. ಲೆಕ್ಕಪರಿಶೋಧಕರು ಅದನ್ನು ಒಪ್ಪುತ್ತಾರೆ. ಆದರೆ ಸವಕಳಿ ಮುಗಿದಿದೆ ಅನ್ನೋದು ವಿಲೇವಾರಿಗೆ ಅಡ್ಡಿಯಿಲ್ಲ ಅನ್ನೋದಕ್ಕಷ್ಟೇ ಆಧಾರ. ಹೊಸದು ಯಾಕೆ ಬೇಕು ಅನ್ನೋದಕ್ಕೆ ಬೇರೆ ಕಾರಣ ಕೊಡಬೇಕು.

ಹಾರ್ಡ್‌ವೇರ್_ಮಂಜು:
ಹದಿನೈದು ಲಕ್ಷ ಯಾಕೆ ಸ್ವಾಮಿ? ಒಂದೊಂದಕ್ಕೂ 256 ಜಿಬಿ ಎಸ್‌ಎಸ್‌ಡಿ ಹಾಕಿ, ಇನ್ನೊಂದು 4 ಜಿಬಿ ಡಿಡಿಆರ್3 ಸ್ಟಿಕ್ ಸಿಕ್ಕಿಸಿ. ಯಂತ್ರಕ್ಕೆ ನಾಲ್ಕು ಸಾವಿರದೊಳಗೆ ಮುಗೀತು. ಬೂಟ್ ಆಗೋಕೆ ಐದು ನಿಮಿಷ ತಗೊಳ್ತಿದ್ದದ್ದು ಅರ್ಧ ನಿಮಿಷಕ್ಕೆ ಬರುತ್ತೆ. ಹೊಸ ಯಂತ್ರ ಯಾರಿಗೂ ಬೇಕಾಗಿಲ್ಲ.

ಪ್ರಯೋಗಶಾಲೆ_ಸವಿತಾ:
ಮಂಜು ಅವರು ಹೇಳಿದ್ದು ಅರ್ಧ ಸರಿ. ಆ ಅರ್ಧವನ್ನು ಪತ್ರದಲ್ಲೇ ಒಪ್ಪಿಕೊಂಡರೆ ಪತ್ರ ಗಟ್ಟಿಯಾಗುತ್ತೆ. ಯಾಕೆಂದರೆ ಸಭೆಯಲ್ಲಿ ಯಾರಾದರೂ ಇದೇ ಮಾತು ಎತ್ತೇ ಎತ್ತುತ್ತಾರೆ.

ನಿಮ್ಮಲ್ಲಿರೋದು ಎರಡು ಬೇರೆ ಬೇರೆ ಗುಂಪು, 30 ಅಂತ ಒಟ್ಟಿಗೆ ಬರೆದಿದ್ದೇ ತಪ್ಪು. ಐ3-4160 ಗುಂಪಿಗೆ ಎಸ್‌ಎಸ್‌ಡಿ ಮತ್ತು ರ‍್ಯಾಮ್ ಹಾಕಿದರೆ ಇನ್ನೂ ಕೆಲವು ವರ್ಷ ಎಳೆಯಬಹುದು. ಪೆಂಟಿಯಂ ಜಿ2030ರ ಕಥೆ ಬೇರೆ. ಅದೇ ಕಾಲದ ಐ3, ಐ5ಗಳಲ್ಲಿ ಇರುವ ಎವಿಎಕ್ಸ್ ಅನ್ನೋ ಆಜ್ಞೆಗಳ ಗುಂಪನ್ನು ಇಂಟೆಲ್ ಆಗಿನ ಪೆಂಟಿಯಂ, ಸೆಲೆರಾನ್‌ಗಳಲ್ಲಿ ಕೊಟ್ಟಿರಲಿಲ್ಲ. ರ‍್ಯಾಮ್ ಎಷ್ಟೇ ಹಾಕಿ, ಪ್ರೊಸೆಸರಿಗೆ ಬಾರದ ಆಜ್ಞೆ ಬಾರದು. ಮಾಂಗೋಡಿಬಿ 5.0 ಆವೃತ್ತಿಯಿಂದ ಈಚೆಗೆ ಎವಿಎಕ್ಸ್ ಇಲ್ಲದ ಯಂತ್ರದಲ್ಲಿ ಶುರುವೇ ಆಗಲ್ಲ. ಟೆನ್ಸರ್‌ಫ್ಲೋ ಸಿದ್ಧ ಪ್ಯಾಕೇಜುಗಳಂತೂ 1.6ರಿಂದಲೇ ಹಾಗೆ.

ಇದರಲ್ಲಿ ಮೋಸ ಹೋಗೋದು ಎಲ್ಲಿ ಅಂದರೆ, ಇನ್‌ಸ್ಟಾಲ್ ಸಲೀಸಾಗಿ ಮುಗಿಯುತ್ತೆ. `pip install` ಯಾವ ದೂರೂ ಹೇಳಲ್ಲ. ಪ್ರೋಗ್ರಾಂನ ಮೊದಲ `import` ಸಾಲಿಗೆ ಬಂದಾಗ ಉಬುಂಟುವಿನಲ್ಲಿ ಇಷ್ಟೇ ಕಾಣುತ್ತೆ:

```
Illegal instruction (core dumped)
```

ಹುಡುಗರು ತಮ್ಮ ಪ್ರೋಗ್ರಾಂ ತಪ್ಪು ಅಂದುಕೊಂಡು ಅರ್ಧ ಗಂಟೆ ಹುಡುಕುತ್ತಾರೆ. ಯಂತ್ರದಲ್ಲಿ ಎವಿಎಕ್ಸ್ ಇದೆಯೇ ಅಂತ ನೋಡೋಕೆ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಪುಟದಿಂದ ಕೋರ್‌ಇನ್ಫೋ ಇಳಿಸಿಕೊಂಡು ಮೊದಲ ಸಾಲು, ಉಬುಂಟುವಿನಲ್ಲಿ ಎರಡನೆಯದು:

```
coreinfo64 -f | findstr AVX
grep -o -w -m1 avx /proc/cpuinfo
```

ಮೊದಲನೆಯದರಲ್ಲಿ `AVX` ಪಕ್ಕ ನಕ್ಷತ್ರ ಇದ್ದರೆ ಇದೆ, ಬರೀ ಗೀಟು ಇದ್ದರೆ ಇಲ್ಲ. ಎರಡನೆಯದರಲ್ಲಿ ಇಲ್ಲದಿದ್ದರೆ ಏನೂ ಮುದ್ರಣವಾಗಲ್ಲ. 18 ಯಂತ್ರಗಳಲ್ಲೂ ಓಡಿಸಿ, ಯಂತ್ರ ಸಂಖ್ಯೆ ಕಾಣುವಂತೆ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ಪತ್ರಕ್ಕೆ ಒಂದೇ ಫೋಟೋ ಲಗತ್ತಿಸಿದರೆ ಸಾಕು.

ಲಿನಕ್ಸ್_ಗಿರಿ:
ಸವಿತಾ ಮೇಡಂ, ಒಂದು ತಕರಾರು. ಮಾಂಗೋಡಿಬಿ 4.4 ಎವಿಎಕ್ಸ್ ಇಲ್ಲದೆಯೂ ಓಡುತ್ತೆ. ಬಿಸಿಎ ಲ್ಯಾಬಿನ `insertOne`, `find`, `aggregate` ಎಲ್ಲ ಅದರಲ್ಲೇ ಆಗುತ್ತೆ. "ಪ್ರಯೋಗ ಮಾಡಲು ಸಾಧ್ಯವೇ ಇಲ್ಲ" ಅಂತ ಬರೆದರೆ ಸುಳ್ಳಾಗುತ್ತೆ.

ಪ್ರಯೋಗಶಾಲೆ_ಸವಿತಾ:
ಹೌದು, ಒಪ್ಪಿದೆ. ಹಾಗೆ ಬರೆಯಬಾರದು. "ಈಗಿನ ಆವೃತ್ತಿ ಈ ಯಂತ್ರಗಳಲ್ಲಿ ಓಡುವುದಿಲ್ಲ, ಓಡುವ ಕೊನೆಯ ಆವೃತ್ತಿಯಾದ 4.4ಕ್ಕೆ ತಯಾರಕರ ಬೆಂಬಲ ಫೆಬ್ರವರಿ 2024ಕ್ಕೆ ಮುಗಿದಿದೆ" ಅಂತ ಬರೆದರೆ ನಿಜವೂ ಆಗುತ್ತೆ, ಸಾಕಷ್ಟು ತೂಕವೂ ಇರುತ್ತೆ. ಟೆನ್ಸರ್‌ಫ್ಲೋಗೆ ಇಂಥ ಸುಲಭ ದಾರಿಯಿಲ್ಲ. ಮೂಲದಿಂದ ಕಂಪೈಲ್ ಮಾಡಬಹುದು, ಆದರೆ 4 ಜಿಬಿ ಯಂತ್ರದಲ್ಲಿ ಅದನ್ನು ಮಾಡಿ ಅಂತ ಶತ್ರುವಿಗೂ ಹೇಳಲ್ಲ.

ಹಾರ್ಡ್‌ವೇರ್_ಮಂಜು:
ಎವಿಎಕ್ಸ್ ವಿಷಯ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಆದರೆ ಅದಕ್ಕೂ ಮದ್ದಿದೆ. ಎಚ್61 ಬೋರ್ಡಿನ ಸಾಕೆಟ್ 1155. ಅದಕ್ಕೆ ಐ5-3470 ಕೂರುತ್ತೆ, ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತೆ. ಪ್ರೊಸೆಸರ್ ಬದಲಿಸಿದರೆ ಎವಿಎಕ್ಸ್ ಬಂತಲ್ಲ?

ನಿವೃತ್ತ_ಅಧೀಕ್ಷಕ:
ಮಂಜು, ಮನೆಯ ಯಂತ್ರಕ್ಕಾದರೆ ನಾನೂ ಅದನ್ನೇ ಮಾಡ್ತೀನಿ. ಕಾಲೇಜಿಗೆ 18 ಹಳೆಯ ಪ್ರೊಸೆಸರ್ ತರೋದಕ್ಕೆ ಜಿಎಸ್‌ಟಿ ಬಿಲ್ ಬೇಕು, ವಾರಂಟಿ ಬೇಕು, ಮೂರು ದರಪಟ್ಟಿ ಬೇಕು. ಎಲ್ಲಿಂದ ತರೋದು? ಆರು ತಿಂಗಳಿಗೆ ಬೋರ್ಡೇ ಹೋದರೆ ಅಡಿಟ್‌ನಲ್ಲಿ ಬರೆಯೋದು "ನಿರುಪಯುಕ್ತ ಯಂತ್ರಕ್ಕೆ ಅನಗತ್ಯ ವೆಚ್ಚ" ಅಂತ, ಇನ್‌ಚಾರ್ಜ್ ಹೆಸರಿನಲ್ಲಿ.

ಹಾರ್ಡ್‌ವೇರ್_ಮಂಜು:
ಬೋರ್ಡ್ ಹೋಗೋ ಮಾತು ಸರಿ. 2013ರ ಬೋರ್ಡಿನಲ್ಲಿ ಪ್ರೊಸೆಸರ್ ಸುತ್ತ ಇರುವ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆ ಇರಬೇಕು. ಉಬ್ಬಿದ್ದರೆ, ಅಥವಾ ಬುಡದಲ್ಲಿ ಕಂದು ಅಂಟು ಕಂಡರೆ ಆ ಬೋರ್ಡಿಗೆ ಹಣ ಹಾಕಬೇಡಿ. ಐ3 ಗುಂಪಿಗೂ ಅಪ್‌ಗ್ರೇಡ್ ಮಾಡೋ ಮುಂಚೆ ಕ್ಯಾಬಿನೆಟ್ ಬಿಚ್ಚಿ ಇದನ್ನೊಂದು ನೋಡಿಕೊಳ್ಳಿ.

ಹಳ್ಳಿಶಾಲೆ:
ನಮ್ಮ ಪ್ರೌಢಶಾಲೆಗೆ ಯಾರೋ 10 ಕೋರ್ 2 ಡ್ಯುಯೋ ಯಂತ್ರ ದಾನ ಕೊಟ್ಟಿದ್ದಾರೆ. ಅದರಲ್ಲಿ ವಿಂಡೋಸ್ 11 ಹಾಕೋದು ಹೇಗೆ? ಈ ಪತ್ರವನ್ನು ಶಿಕ್ಷಣ ಇಲಾಖೆಗೆ ಕಳಿಸಬಹುದಾ?

ಪ್ರಯೋಗಶಾಲೆ_ಸವಿತಾ:
ಹಾಕಬೇಡಿ. ಹಗುರವಾದ ಲಿನಕ್ಸ್ ಹಾಕಿ ಟೈಪಿಂಗ್, ಸ್ಪ್ರೆಡ್‌ಶೀಟ್, ಸ್ಕ್ರ್ಯಾಚ್ ಕಲಿಸಿ, ಅಷ್ಟಕ್ಕೆ ಸಾಕು. ಇಲಾಖೆಗೆ ಬರೆಯೋದು ಬೇರೆಯೇ ಪತ್ರ, ಬೇರೆ ಎಳೆ ತೆರೆಯಿರಿ.

ಬಿಸಿಎ_ಲ್ಯಾಬ್:
18 ಯಂತ್ರದಲ್ಲೂ ಕೋರ್‌ಇನ್ಫೋ ಓಡಿಸಿದೆ. ಎಲ್ಲದರಲ್ಲೂ ಗೀಟು. ಐ3ಗಳಲ್ಲಿ ನಕ್ಷತ್ರ. ಕೆಡುವಿಕೆಯ ಪಟ್ಟಿಯನ್ನು ಲ್ಯಾಬ್ ರಿಜಿಸ್ಟರಿನಿಂದ ತೆಗೆದೆ, ಒಂದು ಸೆಮಿಸ್ಟರಿನದು: ಗಡಿಯಾರ 2009ಕ್ಕೆ ಹೋಗೋದು 7 ಯಂತ್ರ, ಆನ್ ಆಗದಿರುವುದು 4, ಬಿಸಿಯಾಗಿ ಆಫ್ ಆಗೋದು 3, ಹಾರ್ಡ್‌ಡಿಸ್ಕ್ ತೊಂದರೆ 6, ಕೀಬೋರ್ಡ್ ಮೌಸ್ 11. ಒಟ್ಟು 31 ದೂರು. ಇದನ್ನು ಹಾಗೇ ಹಾಕಲಾ?

ನಿವೃತ್ತ_ಅಧೀಕ್ಷಕ:
31 ಅಂತ ಹಾಕಿದರೆ ನೋಡೋಕೆ ಚೆನ್ನಾಗಿರುತ್ತೆ, ಹಾಕಿ.

ಹಾರ್ಡ್‌ವೇರ್_ಮಂಜು:
ಬೇಡವೇ ಬೇಡ! ಆ ಸಭೆಯಲ್ಲಿ ನನ್ನಂಥವನೊಬ್ಬ ಇದ್ದರೆ ಪತ್ರ ಅಲ್ಲೇ ಬಿತ್ತು. ಗಡಿಯಾರ ಹಿಂದೆ ಹೋಗೋದು ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದಕ್ಕೆ. ತಾರೀಖು ತಪ್ಪಾದಾಗ ಬ್ರೌಸರ್ `NET::ERR_CERT_DATE_INVALID` ಅಂತ ತೋರಿಸಿ ಯಾವ ಸೈಟೂ ತೆರೆಯಲ್ಲ, ಇಂಟರ್ನೆಟ್ ಹೋಗಿದೆ ಅಂತ ದೂರು ಬರುತ್ತೆ. ಬದಲಿಸೋಕೆ ಐವತ್ತು ರೂಪಾಯಿ ಸಾಕು. ಬಿಸಿಯಾಗಿ ಆಫ್ ಆಗೋದಕ್ಕೆ ಮೊದಲು ಧೂಳು ಊದಿ ಪೇಸ್ಟ್ ಹಚ್ಚಿ. ಆನ್ ಆಗದಿದ್ದರೆ ಬೇರೆ ಎಸ್‌ಎಂಪಿಎಸ್ ಸಿಕ್ಕಿಸಿ ನೋಡಿ. ಕೀಬೋರ್ಡ್ ಮೌಸ್ ಹೊಸ ಯಂತ್ರದಲ್ಲೂ ಕೆಡುತ್ತೆ. ಇವೆಲ್ಲ ದುರಸ್ತಿ ಖಾತೆಯ ಮಾತು.

ಪತ್ರಕ್ಕೆ ಬರೋದು ಹಾರ್ಡ್‌ಡಿಸ್ಕ್ ಒಂದೇ, ಅದೂ ಪರೀಕ್ಷೆ ಮಾಡಿದ ಮೇಲೆ. ಉಬುಂಟು ಪೆನ್‌ಡ್ರೈವಿನಿಂದ ಬೂಟ್ ಮಾಡಿ:

```
sudo apt update
sudo apt install smartmontools
sudo smartctl -A /dev/sda
```

5 ಮತ್ತು 197ನೇ ಸಾಲಿನ ಕೊನೆಯ ಅಂಕಿ ನೋಡಿ. ಎರಡೂ ಸೊನ್ನೆ ಇದ್ದರೆ ಡಿಸ್ಕ್ ನಿಧಾನ ಇರಬಹುದು, ಕೆಟ್ಟಿಲ್ಲ. 197ರಲ್ಲಿ ಅಂಕಿ ಇದ್ದರೆ ಓದಲಾಗದ ಜಾಗಗಳಿವೆ ಅಂತ. ಒಂದು ವಾರ ಬಿಟ್ಟು ಮತ್ತೆ ನೋಡಿ. ಹೆಚ್ಚಾಗಿದ್ದರೆ ಆ ಡಿಸ್ಕ್ ಪರೀಕ್ಷೆ ದಿನವೇ ಕೈಕೊಡುತ್ತೆ ಅಂದುಕೊಳ್ಳಿ.

ನಿವೃತ್ತ_ಅಧೀಕ್ಷಕ:
ನನ್ನ ಮಾತು ವಾಪಸ್. ಒಂದು ಸೇರಿಸಿ ಮಾತ್ರ: ಈ ಸಣ್ಣ ದುರಸ್ತಿಗಳನ್ನು ಪತ್ರ ಕೊಡೋ ಮುಂಚೆ ಮಾಡಿಸಿ, ಆ ಬಿಲ್ಲಿನ ಸಂಖ್ಯೆಯನ್ನು ಪತ್ರದಲ್ಲಿ ಉಲ್ಲೇಖಿಸಿ. ಕೈಲಾದ ದುರಸ್ತಿ ಮಾಡಿಯೂ ಆಗದ್ದಕ್ಕಷ್ಟೇ ಕೇಳ್ತಿದ್ದಾರೆ ಅಂತ ಕಾಣಬೇಕು.

ಲಿನಕ್ಸ್_ಗಿರಿ:
ವಿದ್ಯುತ್ ಉಳಿತಾಯವನ್ನೂ ಬರೀರಿ. ಹೊಸ ಯಂತ್ರ ಕಡಿಮೆ ಕರೆಂಟ್ ತಿನ್ನುತ್ತೆ, ಅದರಲ್ಲೇ ಹಣ ವಾಪಸ್ ಬರುತ್ತೆ ಅಂತ ಎಲ್ಲರೂ ಬರೀತಾರೆ.

ಪ್ರಯೋಗಶಾಲೆ_ಸವಿತಾ:
ಲೆಕ್ಕ ಹಾಕಿ ನೋಡೋಣ. ಯಂತ್ರಕ್ಕೆ 40 ವ್ಯಾಟ್ ಉಳೀತು ಅನ್ನಿ, 30 ಯಂತ್ರ, ದಿನಕ್ಕೆ 6 ಗಂಟೆ, ವರ್ಷಕ್ಕೆ 220 ದಿನ. 1,584 ಯೂನಿಟ್ ಆಯ್ತು. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ವರ್ಷಕ್ಕೆ 12,672 ರೂಪಾಯಿ. ಹದಿನೈದು ಲಕ್ಷ ಮುಟ್ಟೋಕೆ ನೂರು ವರ್ಷ ದಾಟುತ್ತೆ. ಖಜಾಂಚಿ ಮೊಬೈಲಿನಲ್ಲಿ ಗುಣಿಸಿ ನೋಡಿದರೆ ಪತ್ರದ ಉಳಿದ ಮಾತನ್ನೂ ನಂಬಲ್ಲ.

ಅದರ ಬದಲು ಸಮಯ ಅಳೆಯಿರಿ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಪವರ್ ಬಟನ್ ಒತ್ತಿದ್ದರಿಂದ ಸಂಪಾದಕ ತೆರೆದು ಒಂದು "ನಮಸ್ಕಾರ" ಪ್ರೋಗ್ರಾಂ ಓಡಿ ಉತ್ತರ ಕಾಣುವವರೆಗೆ. ಬೆಳಗಿನ ಮೊದಲ ಬ್ಯಾಚಿನಲ್ಲಿ, ಎಲ್ಲ ಯಂತ್ರ ಒಟ್ಟಿಗೆ ಆನ್ ಮಾಡಿದಾಗ ಅಳೆಯಿರಿ. ಒಂದನ್ನೇ ಆನ್ ಮಾಡಿ ಅಳೆದರೆ ನೆಟ್‌ವರ್ಕ್ ಖಾಲಿ ಇರುತ್ತೆ, ನಿಜವಾದ ಅಂಕಿ ಸಿಗಲ್ಲ.

ಬಿಸಿಎ_ಲ್ಯಾಬ್:
ಅಳೆದೆ. ಪೆಂಟಿಯಂ ಗುಂಪಿನ 18ರ ಮಧ್ಯದ ಅಂಕಿ 11 ನಿಮಿಷ. ಐ3 ಗುಂಪು 8. ಮಂಜಣ್ಣ ಹೇಳಿದಂತೆ ಒಂದು ಐ3ಗೆ ನನ್ನ ಹತ್ತಿರ ಇದ್ದ ಎಸ್‌ಎಸ್‌ಡಿ ಮತ್ತು 8 ಜಿಬಿ ಹಾಕಿ ಅಳೆದರೆ ಒಂದೂವರೆ ನಿಮಿಷ! ಇನ್ನು ವಿಂಡೋಸ್ ವಿಷಯ ಏನು ಬರೆಯಲಿ?

ನೆಟ್‌ವರ್ಕ್_ರಫೀಕ್:
ವಿಂಡೋಸ್ 10ರ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ. ನಿಮ್ಮ ಎರಡೂ ಗುಂಪು ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಅದಕ್ಕೆ ಸಾಮಾನ್ಯವಾಗಿ ಇಂಟೆಲ್ 8ನೇ ತಲೆಮಾರು ಬೇಕು, ಜೊತೆಗೆ ಟಿಪಿಎಂ 2.0. ಇದೊಂದೇ ಕಾರಣ ಸಾಕು, 30ಕ್ಕೂ ಹೊಸದನ್ನೇ ಕೇಳಿ.

ಲಿನಕ್ಸ್_ಗಿರಿ:
ಸಾಲದು. ಲ್ಯಾಬಿಗೆ ಉಬುಂಟು ಹಾಕಿ, ಮುಗೀತು.

ನೆಟ್‌ವರ್ಕ್_ರಫೀಕ್:
ಬಿಕಾಂ ಹುಡುಗರು ಅದೇ ಲ್ಯಾಬಿನಲ್ಲಿ ಟ್ಯಾಲಿ ಮಾಡ್ತಾರಾ ಅಂತ ಮೊದಲು ಕೇಳಿ. ಟ್ಯಾಲಿಗೆ ವಿಂಡೋಸೇ ಬೇಕು.

ಬಿಸಿಎ_ಲ್ಯಾಬ್:
ಮಾಡ್ತಾರೆ. ವಾರಕ್ಕೆ ಎರಡು ಮಧ್ಯಾಹ್ನ.

ಪ್ರಯೋಗಶಾಲೆ_ಸವಿತಾ:
ಹಾಗಾದರೆ ಪೂರ್ತಿ ಉಬುಂಟು ಆಗಲ್ಲ. ಆದರೆ 30ಕ್ಕೂ ಹೊಸದು ಅನ್ನೋದೂ ಸರಿಯಲ್ಲ. ವಿಂಡೋಸ್ 10ಕ್ಕೆ ಹಣ ಕೊಟ್ಟು ಭದ್ರತಾ ಅಪ್‌ಡೇಟ್ ಪಡೆಯೋ ಏರ್ಪಾಡಿದೆ. ಶಿಕ್ಷಣ ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಹೇಳಿದ ದರ ಯಂತ್ರಕ್ಕೆ ಮೊದಲ ವರ್ಷ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4. ಕಾಲೇಜಿನ ಪರವಾನಗಿ ಒಪ್ಪಂದದ ಮೂಲಕ ಪಡೆಯಬೇಕು, ಯಂತ್ರ 22ಎಚ್2 ಆವೃತ್ತಿಯಲ್ಲಿರಬೇಕು. ಅಂದರೆ ಐ3 ಗುಂಪನ್ನು ಟ್ಯಾಲಿಗೆ ಇನ್ನೂ ಸ್ವಲ್ಪ ಕಾಲ ಸುರಕ್ಷಿತವಾಗಿ ಇಟ್ಟುಕೊಳ್ಳಬಹುದು. ಇದು ತಿಳಿದೂ ಪತ್ರದಲ್ಲಿ ಮುಚ್ಚಿಟ್ಟರೆ ಆಮೇಲೆ ಮುಜುಗರ.

ನೆಟ್‌ವರ್ಕ್_ರಫೀಕ್:
ಆ ಒಪ್ಪಂದ ಎಷ್ಟು ಕಾಲೇಜುಗಳಲ್ಲಿದೆ ಮೇಡಂ? ಅಂಗಡಿಯವನು ಹಾಕಿಕೊಟ್ಟ ವಿಂಡೋಸ್ ಆಗಿದ್ದರೆ ಈ ದಾರಿಯೇ ಇಲ್ಲ. ನಾನಂತೂ 30 ಅಂತಲೇ ಕೇಳ್ತಿದ್ದೆ. ಈಗ 18 ಕೊಟ್ಟರೆ ಉಳಿದ 12ಕ್ಕೆ ಇನ್ನೈದು ವರ್ಷ ಯಾರೂ ಫೈಲ್ ಮುಟ್ಟಲ್ಲ.

ಪ್ರಯೋಗಶಾಲೆ_ಸವಿತಾ:
ಅದು ನಿಜವಾದ ಭಯ, ಇಲ್ಲ ಅನ್ನಲ್ಲ. ಹಾಗಾಗಿ 12ಕ್ಕೆ ಗಡುವು ಹಾಕಿಯೇ ಬರೆಯಬೇಕು.

ಬಿಸಿಎ_ಲ್ಯಾಬ್:
ಎಲ್ಲ ಸೇರಿಸಿ ಮತ್ತೆ ಬರೆದೆ. ಮೂರು ದರಪಟ್ಟಿ ತರಿಸಿದೆ, ಕಡಿಮೆಯದು ಅದೇ 42,000 ಮತ್ತು ಜಿಎಸ್‌ಟಿ. ಡಿಸ್ಕ್ ಪರೀಕ್ಷೆಯಲ್ಲಿ 6ರಲ್ಲಿ 4ಕ್ಕೆ ಮಾತ್ರ 197ರಲ್ಲಿ ಅಂಕಿ ಬಂತು, ನಾಲ್ಕೂ ಪೆಂಟಿಯಂ ಗುಂಪಿನವೇ.

> ವಿಷಯ: ಗಣಕಯಂತ್ರ ಪ್ರಯೋಗಾಲಯದ 18 ಯಂತ್ರಗಳ ಬದಲಾವಣೆ ಹಾಗೂ 12 ಯಂತ್ರಗಳ ಮೇಲ್ದರ್ಜೆಗೇರಿಸುವಿಕೆಗೆ ಅನುಮತಿ ಕೋರಿ.
>
> ದಾಸ್ತಾನು ವಹಿಯ ಕ್ರಮಸಂಖ್ಯೆ 1ರಿಂದ 18ರವರೆಗಿನ ಯಂತ್ರಗಳನ್ನು (2013ರ ಖರೀದಿ) ಬದಲಿಸುವುದು ಅವಶ್ಯವಾಗಿದೆ. ಇವುಗಳ ಪ್ರೊಸೆಸರಿನಲ್ಲಿ ಈಗಿನ ತಂತ್ರಾಂಶಗಳು ಬಳಸುವ ಕೆಲವು ಆಜ್ಞೆಗಳೇ ಇಲ್ಲ. ಆದ್ದರಿಂದ ಪಠ್ಯಕ್ರಮದ ಮಾಂಗೋಡಿಬಿ ಪ್ರಯೋಗಗಳನ್ನು 2024ರಲ್ಲಿ ಬೆಂಬಲ ಮುಗಿದ ಹಳೆಯ ಆವೃತ್ತಿಯಲ್ಲಿ ಮಾಡಿಸಬೇಕಾಗಿದೆ. ಟೆನ್ಸರ್‌ಫ್ಲೋ ಬಳಸುವ ಪ್ರಾಜೆಕ್ಟ್‌ಗಳನ್ನು ಮಾಡಿಸಲು ಆಗುತ್ತಿಲ್ಲ (ಪರದೆಯ ಚಿತ್ರ ಲಗತ್ತಿಸಿದೆ). ಹೆಚ್ಚುವರಿ ಮೆಮೊರಿ ಅಥವಾ ಹೊಸ ಡಿಸ್ಕ್ ಅಳವಡಿಸಿದರೂ ಈ ಕೊರತೆ ನೀಗುವುದಿಲ್ಲ. ಪೈಕಿ 4 ಯಂತ್ರಗಳ ಡಿಸ್ಕ್‌ನಲ್ಲಿ ಓದಲಾಗದ ಭಾಗಗಳು ಪತ್ತೆಯಾಗಿವೆ. ಯಂತ್ರ ಚಾಲೂ ಮಾಡಿ ಮೊದಲ ಪ್ರೋಗ್ರಾಂ ಓಡಲು ಸುಮಾರು 11 ನಿಮಿಷ ಹಿಡಿಯುತ್ತದೆ.
>
> ಕ್ರಮಸಂಖ್ಯೆ 19ರಿಂದ 30ರ ಯಂತ್ರಗಳಲ್ಲಿ ಈ ಕೊರತೆ ಇಲ್ಲ. ಎಸ್‌ಎಸ್‌ಡಿ ಮತ್ತು ಮೆಮೊರಿ ಅಳವಡಿಸಿ ಪರೀಕ್ಷಿಸಿದಾಗ ಈ ಸಮಯ 8 ನಿಮಿಷದಿಂದ ಒಂದೂವರೆ ನಿಮಿಷಕ್ಕೆ ಇಳಿದಿದೆ. ಇವುಗಳನ್ನು ಮೂರು ಶೈಕ್ಷಣಿಕ ವರ್ಷಗಳವರೆಗೆ ಮಾತ್ರ ಬಳಸಿ, ನಂತರ ಬದಲಿಸಲು ಪ್ರಸ್ತಾಪಿಸಲಾಗುವುದು.
>
> ವೆಚ್ಚ: 18 ಹೊಸ ಯಂತ್ರಗಳಿಗೆ ಜಿಎಸ್‌ಟಿ ಸೇರಿ ₹8,92,080, 12 ಯಂತ್ರಗಳ ಮೇಲ್ದರ್ಜೆಗೆ ₹48,000, ಒಟ್ಟು ₹9,40,080. ಎಲ್ಲ 30 ಯಂತ್ರಗಳನ್ನು ಬದಲಿಸಿದರೆ ₹14,86,800 ಆಗುತ್ತಿತ್ತು.

ನಿವೃತ್ತ_ಅಧೀಕ್ಷಕ:
ಇದು ನಿಲ್ಲುತ್ತೆ. ಕೊನೆಯ ವಾಕ್ಯ ಬಹಳ ಒಳ್ಳೆಯದು, ₹5,46,720 ಉಳೀತು ಅಂತ ಖಜಾಂಚಿಯೇ ಲೆಕ್ಕ ಹಾಕಿಕೊಳ್ತಾರೆ.

ಎರಡು ಕೊರತೆ. "ಬದಲಾವಣೆ" ಅಂತ ಬರೆದ ಮೇಲೆ ಹಳೆಯ 18 ಎಲ್ಲಿಗೆ ಹೋಗುತ್ತೆ ಅಂತ ಬರೆಯಲೇಬೇಕು. ಇಲ್ಲದಿದ್ದರೆ ಅವು ಮೂಲೆ ಕೋಣೆಯಲ್ಲಿ ಬೀಳುತ್ತವೆ, ವಹಿಯಲ್ಲಿ 48 ಯಂತ್ರ ಕಾಣುತ್ತೆ, ಮುಂದಿನ ಸಲ ಕೇಳಿದಾಗ "ನಿಮ್ಮ ಹತ್ರ 48 ಇದೆಯಲ್ಲ" ಅಂತಾರೆ. ನಿರುಪಯುಕ್ತವೆಂದು ಘೋಷಿಸಲು ಸಮಿತಿ ನೇಮಿಸಿ ಅಂತ ಇದೇ ಪತ್ರದಲ್ಲಿ ಕೋರಿ. ಗುಜರಿಯವನಿಗೆ ಕೊಡಬೇಡಿ. ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಟ್ಟು ರಸೀದಿ ಫೈಲಿಗೆ ಹಾಕಿ. ಎರಡನೆಯದು, ದರಪಟ್ಟಿಯ ಮಾನ್ಯತೆ ಯಾವ ತಾರೀಖಿನವರೆಗೆ ಅಂತ ಬರೀರಿ. ಸಭೆ ಅದಾದ ಮೇಲೆ ಇದ್ದರೆ ಬೆಲೆ ಬದಲಾಗಿರುತ್ತೆ.

ಸರ್ಕಾರಿ ಕಾಲೇಜಿನವರು ಇದನ್ನು ನಕಲು ಮಾಡೋದಾದರೆ ಎಚ್ಚರ. ಅಲ್ಲಿ 1999ರ ಕೆಟಿಪಿಪಿ ಕಾಯ್ದೆ ಇದೆ, ಮೂರು ದರಪಟ್ಟಿ ತಂದು ಮುಗಿಸೋ ಮೊತ್ತ ಇದಲ್ಲ. ಟೆಂಡರ್ ತಪ್ಪಿಸೋಕೆ 18ನ್ನು ಆರಾರು ಮಾಡಿ ಮೂರು ಬಿಲ್ ಮಾಡಿದರೆ ನೇರ ಆಕ್ಷೇಪಣೆ.

ಹಾರ್ಡ್‌ವೇರ್_ಮಂಜು:
ಹಳೆಯದನ್ನು ಕೊಡೋ ಮುಂಚೆ ಡಿಸ್ಕ್ ಅಳಿಸಿ. ಇಂಟರ್ನಲ್ ಮಾರ್ಕ್ಸ್, ಹುಡುಗರ ಆಧಾರ್ ನಕಲು ಏನೇನಿರುತ್ತೋ. ಫಾರ್ಮ್ಯಾಟ್ ಸಾಲದು, `nwipe` ಓಡಿಸಿ. ಓದಲಾಗದ ಭಾಗ ಇರೋ ಆ ನಾಲ್ಕು ಡಿಸ್ಕ್ ಪೂರ್ತಿ ಅಳಿಯಲ್ಲ, ಅವಕ್ಕೆ ಡ್ರಿಲ್ಲೇ ಗತಿ. ಆಮೇಲೆ 18ರಿಂದ ಒಳ್ಳೆಯ ಡಿಡಿಆರ್3 ಸ್ಟಿಕ್ ತೆಗೆದು ಐ3ಗಳಿಗೆ ಹಾಕಬಹುದಲ್ಲ? ಎರಡೂ ಅದೇ ರ‍್ಯಾಮ್. 12 ಸ್ಟಿಕ್ ಕೊಳ್ಳೋ ಖರ್ಚು ಉಳೀತು.

ಬಿಸಿಎ_ಲ್ಯಾಬ್:
ಅರೆ, ಅದು ಹೊಳೆದೇ ಇರಲಿಲ್ಲ. ಆದರೆ ರ‍್ಯಾಮ್ ತೆಗೆದ ಯಂತ್ರವನ್ನು ವಹಿಯಲ್ಲಿ ಹೇಗೆ ತೋರಿಸೋದು?

ನಿವೃತ್ತ_ಅಧೀಕ್ಷಕ:
ಸಮಿತಿಯ ವರದಿಯಲ್ಲೇ "ಉಪಯುಕ್ತ ಬಿಡಿಭಾಗಗಳನ್ನು ತೆಗೆದು ಕ್ರಮಸಂಖ್ಯೆ 19ರಿಂದ 30ಕ್ಕೆ ಅಳವಡಿಸಿದೆ" ಅಂತ ಒಂದು ಸಾಲು ಬರೆಸಿ, ಸಹಿ ಆದ ಮೇಲೆ ಬಿಚ್ಚಿ. ಮೊದಲೇ ಬಿಚ್ಚಬೇಡಿ.

ನೆಟ್‌ವರ್ಕ್_ರಫೀಕ್:
ಹಾಗಾದರೆ ₹48,000 ಅಂಕಿ ತಿದ್ದಬೇಕು. ಎಸ್‌ಎಸ್‌ಡಿಗೆ ಮಾತ್ರ ಹೊಸ ದರ ತರಿಸಿ. ಸ್ಟಿಕ್‌ಗಳನ್ನು ಹಾಕೋ ಮುಂಚೆ ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಿ. 18ರಲ್ಲಿ 12 ಒಳ್ಳೆಯದು ಸಿಗಬಹುದು, ಸಿಗದೆಯೂ ಇರಬಹುದು.